ಸಹೋದ್ಯೋಗಿಯ ಗುರಿ ನಿಂತಲ್ಲೇ ನಿಂತಿದೆಯೇ? ಗ್ರೋ ಮಾದರಿಯಲ್ಲಿ ಕೂತು ಮಾತಾಡುವುದು ಹೇಗೆ

ಪ್ರಶ್ನೆ ಕೇಳುತ್ತಾ ಎದುರಿನವರಿಂದಲೇ ಅವರ ಗುರಿಗೆ ದಾರಿ ಹುಡುಕಿಸುವ ಗ್ರೋ ಮಾದರಿ ಕಲಿತು ಬಂದವರು ಒಂದೆರಡು ತಿಂಗಳ ಮೇಲೆ ಸಿಕ್ಕಾಗ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. "ಎಲ್ಲಾ ಪ್ರಶ್ನೆ ಕೇಳಿದೆ. ಅವರೂ ಚೆನ್ನಾಗೇ ಉತ್ತರ ಕೊಟ್ಟರು. ಏನೇನು ಮಾಡಬೇಕು ಅಂತ ಪಟ್ಟಿನೂ ಆಯ್ತು. ಆದರೆ ಗುರಿ ಮಾತ್ರ ಅಲ್ಲೇ ಇದೆ."

ಹೀಗಾದಾಗ ತಪ್ಪು ಸಾಮಾನ್ಯವಾಗಿ ಪ್ರಶ್ನೆಗಳಲ್ಲಿ ಇರುವುದಿಲ್ಲ. ಯಾವುದಕ್ಕೆ ಎಷ್ಟು ಹೊತ್ತು ಕೊಟ್ಟರು, ಯಾವುದಾದ ಮೇಲೆ ಯಾವುದಕ್ಕೆ ಹೋದರು ಅನ್ನುವುದರಲ್ಲಿ ಇರುತ್ತದೆ.

ಗ್ರೋ ಅಂದರೆ ನಾಲ್ಕು ಹಂತ. ಮೊದಲನೆಯದು ಗೋಲ್, ಅಂದರೆ ಏನು ಆಗಬೇಕು. ಎರಡನೆಯದು ರಿಯಾಲಿಟಿ, ಈಗ ನಿಜವಾಗಿ ಏನು ನಡೆಯುತ್ತಿದೆ. ಮೂರನೆಯದು ಆಪ್ಷನ್ಸ್, ಯಾವ ಯಾವ ದಾರಿಗಳಿವೆ. ಕೊನೆಯದು ವಿಲ್, ಇವುಗಳಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ. ಹೊಸದಾಗಿ ಶುರು ಮಾಡುವ ಗುರಿಗೆ ಈ ನಾಲ್ಕನ್ನು ಇದೇ ಸಾಲಿನಲ್ಲಿ ಮುಗಿಸಿದರೆ ಸಾಕು. ನಾಲ್ಕೈದು ತಿಂಗಳಿಂದ ನಿಂತಿರುವ ಗುರಿಗೆ ಸಾಲದು. ಅಲ್ಲಿ ಎರಡನೇ ಹಂತಕ್ಕೆ ಹತ್ತಿರ ಹತ್ತಿರ ಅರ್ಧ ಸಮಯ ಕೊಡಬೇಕು. ಅದು ಮುಗಿದ ಮೇಲೆ ಮೂರನೆಯದಕ್ಕೆ ಹೋಗುವ ಮುನ್ನ ಒಮ್ಮೆ ಮೊದಲನೇ ಹಂತಕ್ಕೆ ವಾಪಸ್ ಬರಬೇಕು. ಈ ಮಾರ್ಗದರ್ಶಿ ಪೂರ್ತಿ ಇದರ ಮೇಲೆಯೇ ನಿಂತಿದೆ.

ಒಂದು ನಿಜವಾದ ಪ್ರಸಂಗವನ್ನು ಜೊತೆಯಲ್ಲೇ ಇಟ್ಟುಕೊಂಡು ಹೋಗೋಣ. ನಾನು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ಅಕೌಂಟ್ಸ್‌ನ ಒಬ್ಬ ಮೇಡಂಗೆ ಮಂತ್ ಕ್ಲೋಸಿಂಗ್ ಬೇಗ ಮುಗಿಸಬೇಕು ಅನ್ನುವ ಗುರಿ ಇತ್ತು. ಅಂದರೆ ಹಿಂದಿನ ತಿಂಗಳ ಲೆಕ್ಕವನ್ನು ಹೊಸ ತಿಂಗಳ ಐದನೇ ಕೆಲಸದ ದಿನದೊಳಗೆ ಮುಚ್ಚಬೇಕು. ನಾಲ್ಕು ತಿಂಗಳಿಂದ ಅದು ಒಂಬತ್ತನೇ ದಿನಕ್ಕೇ ನಿಂತಿತ್ತು. ಸರಕು ಕಳಿಸುವ ಡಿಸ್ಪ್ಯಾಚ್ ವಿಭಾಗದಿಂದ ಸಾಗಣೆ ಬಿಲ್‌ಗಳು ತಡವಾಗಿ ಬರುತ್ತಿದ್ದವು. ಮೊದಲ ಸಲ ಅವರ ಜೊತೆ ಕೂತಾಗ ನಾನು ಹನ್ನೆರಡೇ ನಿಮಿಷಕ್ಕೆ "ಡಿಸ್ಪ್ಯಾಚ್‌ನವರಿಗೆ ಒಂದು ಮೇಲ್ ಹಾಕಿ ನೋಡಿ" ಅಂದುಬಿಟ್ಟೆ. ಅವರು "ಸರಿ ಸರ್" ಅಂದರು. ಆ ಮೇಲ್ ಅವರು ಪ್ರತಿ ತಿಂಗಳೂ ಹಾಕುತ್ತಲೇ ಇದ್ದರು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮುಂದೆ ಹೇಳುವುದೆಲ್ಲ ಅದೇ ಮೇಡಂ ಜೊತೆ ಎರಡನೇ ಸಲ ಕೂತಾಗ ನಡೆದದ್ದು.

## ಕೂರುವ ಮೊದಲು: ಇದು ಗ್ರೋಗೆ ತಕ್ಕ ತೊಂದರೆಯೇ?

ಎಲ್ಲ ನಿಂತ ಗುರಿಗೂ ಇದು ಮದ್ದಲ್ಲ. ಮೂರು ಸಂದರ್ಭದಲ್ಲಿ ಇದನ್ನು ಬಳಸಬೇಡಿ.

ಒಂದು, ಆ ವ್ಯಕ್ತಿಗೆ ಕೆಲಸವೇ ಬರದಿದ್ದರೆ. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್ ಮಾಡುವುದು ಗೊತ್ತಿಲ್ಲದವರಿಗೆ "ನಿಮ್ಮ ಮುಂದೆ ಯಾವ ದಾರಿಗಳಿವೆ?" ಅಂತ ಕೇಳುವುದು ಹಿಂಸೆ. ಪಕ್ಕದಲ್ಲಿ ಕೂತು ಹೇಳಿಕೊಡಿ, ಅಷ್ಟೇ ಸಾಕು. ಎರಡು, ಗಡುವು ನಾಳೆಯೇ ಇದ್ದರೆ. ಆಗ ಕೈ ಜೋಡಿಸಿ ಕೆಲಸ ಮುಗಿಸಿ, ಮಾತು ಆಮೇಲೆ. ಮೂರು, ಎದುರಿನವರು ಕುಗ್ಗಿ ಹೋಗಿದ್ದರೆ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮಾತಾಡುತ್ತಾ ಕಣ್ಣು ತುಂಬಿ ಬರುತ್ತದೆ ಅಂತಾದರೆ ಗುರಿಯ ಮಾತು ಬಿಟ್ಟುಬಿಡಿ. ಸುಮ್ಮನೆ ಕೇಳಿಸಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಿ ಮಾತಾಡಬಹುದು ಅಂತ ತಿಳಿಸಿ.

ಇನ್ನೊಂದು ವಿಷಯ ನಿಮ್ಮ ಬಗ್ಗೆ. ಆ ಗುರಿ ಈಡೇರಿದರೆ ನಿಮಗೆ ಲಾಭ ಇದೆಯೇ? ಡಿಸ್ಪ್ಯಾಚ್ ವಿಭಾಗದವರೇ ಈ ಮೇಡಂಗೆ ಕೋಚಿಂಗ್ ಮಾಡಲು ಕೂತಿದ್ದರೆ ಅವರು ಬಾಯಿ ಬಿಡುತ್ತಲೇ ಇರಲಿಲ್ಲ. ಲಾಭ ನಷ್ಟ ಇದ್ದರೆ ಮೊದಲೇ ಹೇಳಿಬಿಡಿ, ಇಲ್ಲವೇ ಬೇರೆಯವರನ್ನು ಕೂರಿಸಿ. ಅವರ ಕೆಲಸದ ಬಗ್ಗೆ ನಿಮಗೆ ಹೆಚ್ಚು ತಿಳಿಯದಿದ್ದರೆ ಅದರಿಂದ ಅನುಕೂಲವೇ ಜಾಸ್ತಿ. ನನಗೆ ಜರ್ನಲ್ ಎಂಟ್ರಿ ಹಾಕಲು ಬರುವುದಿಲ್ಲ. ಹಾಗಾಗಿ ನಾನು ಕೇಳಲೇಬೇಕಾಯಿತು.

ಬೇಕಾದ ಸಾಮಾನು ಬಹಳ ಇಲ್ಲ. ಒಂದು ಗಂಟೆ ಸಮಯ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ, ಎರಡು ಬಿಳಿ ಹಾಳೆ, ಒಂದೇ ಪೆನ್ನು. ಆ ಪೆನ್ನು ಅವರ ಕೈಯಲ್ಲಿರಲಿ. ನೀವು ಬರೆಯಲು ಶುರು ಮಾಡಿದರೆ ಅದು ವಿಚಾರಣೆಯಂತೆ ಕಾಣುತ್ತದೆ. ಜೊತೆಗೆ ಗುರಿ ನಿಮ್ಮ ಹಾಳೆಯಲ್ಲಿ ಉಳಿಯುತ್ತದೆ, ಅವರ ಹಾಳೆಯಲ್ಲಿ ಅಲ್ಲ. ಲ್ಯಾಪ್‌ಟಾಪ್ ಮುಚ್ಚಿರಲಿ. ಎದುರುಬದುರು ಕೂರುವುದಕ್ಕಿಂತ ಮೇಜಿನ ಒಂದು ಮೂಲೆಯ ಎರಡು ಬದಿಗೆ ಕೂತರೆ ಹಾಳೆ ಇಬ್ಬರಿಗೂ ಕಾಣುತ್ತದೆ.

ಕೂತ ತಕ್ಷಣ ಒಂದು ಮಾತು ಹೇಳಿ: ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ಮ್ಯಾನೇಜರ್‌ಗೆ ಹೇಳಬೇಕಾದ್ದಿದ್ದರೆ ನೀವೇ ಹೇಳುತ್ತೀರಿ. ಈ ಮಾತು ಉಳಿಸಿಕೊಳ್ಳಲು ಆಗದಿದ್ದರೆ ಕೂರಲೇಬೇಡಿ.

## ಹಂತ 1: ಗುರಿ ಏನು ಅಂತ ಅವರ ಬಾಯಲ್ಲೇ ಕೇಳಿ (10 ನಿಮಿಷ)

ಇಲ್ಲಿ ಎರಡು ಗುರಿ ಬೇರೆ ಮಾಡಿಕೊಳ್ಳಬೇಕು. ದೊಡ್ಡ ಗುರಿ ಒಂದು. ಈ ಒಂದು ಗಂಟೆ ಮುಗಿದಾಗ ಕೈಯಲ್ಲಿ ಏನಿರಬೇಕು ಅನ್ನುವುದು ಇನ್ನೊಂದು. ಬಹಳ ಜನ ಎರಡನೆಯದನ್ನು ಕೇಳುವುದೇ ಇಲ್ಲ. ಆಮೇಲೆ ಮಾತು ಎಲ್ಲೆಲ್ಲೋ ಹೋಗುತ್ತದೆ.

ನಾನು ಕೇಳಿದ್ದು ಹೀಗೆ: "ಮೇಡಂ, ಏನಾದರೆ ಈ ಗುರಿ ಮುಗೀತು ಅಂತ ಹೇಳ್ತೀರಿ?"

"ಐದನೇ ತಾರೀಕಿಗೆ ಕ್ಲೋಸ್ ಆಗ್ಬೇಕು ಸರ್."

"ಐದನೇ ತಾರೀಕಾ, ಐದನೇ ಕೆಲಸದ ದಿನಾನಾ?"

ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಮೊದಲು ಹೇಳಿದಾಗ ಕೆಲಸದ ದಿನ ಅಂತಲೇ ಇತ್ತು. ಮೀಟಿಂಗಿನಿಂದ ಮೀಟಿಂಗಿಗೆ ಮಾತಿನಲ್ಲಿ ಅದು ತಾರೀಕು ಆಗಿಬಿಟ್ಟಿತ್ತು. ನಡುವೆ ಭಾನುವಾರವೋ ಹಬ್ಬವೋ ಬಂದರೆ ಇವೆರಡಕ್ಕೂ ಒಂದೆರಡು ದಿನದ ವ್ಯತ್ಯಾಸ. ಅವರು ಪ್ರತಿ ತಿಂಗಳೂ ಇಲ್ಲದ ಗಡುವಿಗೆ ಹೆದರಿಕೊಂಡು ಓಡುತ್ತಿದ್ದರು. ಹಾಳೆಯ ಮೇಲೆ "ಐದನೇ ಕೆಲಸದ ದಿನ, ಸಂಜೆ" ಅಂತ ಅವರೇ ಬರೆದರು.

ಆಮೇಲೆ ಕೇಳಬೇಕಾದ್ದು, "ಇದು ಆದರೆ ನಿಮಗೆ ಏನು ಸಿಗುತ್ತೆ?" ನಿಂತ ಗುರಿಗಳಲ್ಲಿ ಇದು ಮುಖ್ಯ. ಎಷ್ಟೋ ಸಲ ಗುರಿ ಮೇಲಿನಿಂದ ಬಂದಿರುತ್ತದೆ, ಅವರಿಗೆ ಅದರಲ್ಲಿ ತಮ್ಮದು ಅಂತ ಏನೂ ಇರುವುದಿಲ್ಲ. ಈ ಮೇಡಂ ಮೊದಲು "ಮ್ಯಾನೇಜರ್ ಖುಷಿಯಾಗ್ತಾರೆ" ಅಂದರು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ತಿಂಗಳ ಮೊದಲನೇ ವಾರ ಮಗಳು ಮಲಗಿದ ಮೇಲೇ ಮನೆಗೆ ಹೋಗ್ತಿದ್ದೀನಿ, ಅದು ತಪ್ಪುತ್ತೆ" ಅಂದರು. ಆ ಮಾತನ್ನು ಹಾಳೆಯ ಮೇಲ್ಭಾಗದಲ್ಲಿ ಬರೆಸಿದೆ.

ಕೊನೆಗೆ ಈ ಒಂದು ಗಂಟೆಗೆ ಏನು ಬೇಕು ಅಂತ ಕೇಳಿದೆ. "ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ ಅಂತ ಗೊತ್ತಾದ್ರೆ ಸಾಕು" ಅಂದರು. ಇದು ಒಳ್ಳೆಯ ಗುರಿ. ಒಂದು ಗಂಟೆಯಲ್ಲಿ ಆಗುವಂಥದ್ದು.

ಎಚ್ಚರಿಕೆ: ಗುರಿ ಹೇಳುವಾಗ ಬರೀ "ಆಗಬೇಕು, ಆಗಬೇಕು" ಅಂತ ಬರುತ್ತಿದ್ದರೆ, "ನನಗೆ ಬೇಕು" ಅನ್ನುವುದು ಒಮ್ಮೆಯೂ ಬರದಿದ್ದರೆ, ಆ ಗುರಿ ಇನ್ನೂ ಅವರದ್ದಾಗಿಲ್ಲ. ಎಷ್ಟು ಕೆದಕಿದರೂ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಅವರು ಹೋಗಿ ಗುರಿ ಕೊಟ್ಟವರ ಹತ್ತಿರ ಮಾತಾಡಬೇಕು, ನಿಮ್ಮ ಹತ್ತಿರ ಅಲ್ಲ.

## ಹಂತ 2: ನಡೆದದ್ದು ನಡೆದ ಹಾಗೆ ಬರೆಸಿ (25 ನಿಮಿಷ)

ಎಲ್ಲರೂ ಅವಸರ ಮಾಡುವುದು ಇಲ್ಲೇ. "ಡಿಸ್ಪ್ಯಾಚ್‌ನವರು ಬಿಲ್ ಕೊಡಲ್ಲ" ಅಂತ ಒಂದು ವಾಕ್ಯ ಬರುತ್ತದೆ. ನಾವು ಅದನ್ನೇ ಕಾರಣ ಅಂದುಕೊಂಡು ಪರಿಹಾರಕ್ಕೆ ಹೋಗುತ್ತೇವೆ. ನಾಲ್ಕು ತಿಂಗಳಿಂದ ನಿಂತಿರುವ ಗುರಿಗೆ ಮೊದಲು ಬಾಯಿಗೆ ಬರುವ ಕಾರಣ ಹಳೆಯದು. ಅವರು ಅದನ್ನು ಹತ್ತು ಜನಕ್ಕೆ ಹೇಳಿರುತ್ತಾರೆ. ಅದರಿಂದ ದಾರಿ ತೆರೆಯುವ ಹಾಗಿದ್ದರೆ ಇಷ್ಟು ಹೊತ್ತಿಗೆ ತೆರೆದಿರುತ್ತಿತ್ತು.

### ಕಳೆದ ಒಂದು ಸಲದ ದಿನಚರಿ ಮಾತ್ರ ಕೇಳಿ

"ಸಾಮಾನ್ಯವಾಗಿ ಏನಾಗುತ್ತೆ?" ಅಂತ ಕೇಳಬೇಡಿ. ಸಾಮಾನ್ಯವಾಗಿ ಅಂದರೆ ದೂರು ಬರುತ್ತದೆ. "ಹೋದ ತಿಂಗಳು ಒಂದನೇ ದಿನ ಬೆಳಿಗ್ಗೆ ಏನು ಮಾಡಿದಿರಿ?" ಅಂತ ಕೇಳಿ. ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಸಿ, ಒಂದರಿಂದ ಒಂಬತ್ತರವರೆಗೆ ಗುರುತು ಹಾಕಿಸಿ, ಪ್ರತಿ ದಿನದ ಕೆಳಗೆ ನಡೆದದ್ದು ಬರೆಸಿ.

ಮೇಡಂ ಬರೆದ ಗೆರೆ ಹೀಗಿತ್ತು. ಒಂದು, ಎರಡನೇ ದಿನ ಬ್ಯಾಂಕ್ ರಿಕನ್ಸಿಲಿಯೇಷನ್ ಮತ್ತು ಸೇಲ್ಸ್ ಬಿಲ್ ತಾಳೆ. ಮೂರನೇ ದಿನ ಸಂಬಳದ ಎಂಟ್ರಿ ಮತ್ತು ಸವಕಳಿ. ನಾಲ್ಕು, ಐದು, ಆರನೇ ದಿನದ ಕೆಳಗೆ "ಟ್ರಾನ್ಸ್‌ಪೋರ್ಟ್ ಬಿಲ್ ಬಂದಿಲ್ಲ" ಅಂತ ಬರೆದು, ಅದರ ಕೆಳಗೆ ಪೆನ್ನು ಆಡಿಸುತ್ತಾ ನಿಂತರು. ಈ ನಡುವೆಯೇ ತಾರೀಕು ಏಳು ಬಂತು. ಹಿಂದಿನ ತಿಂಗಳು ಕಡಿತ ಮಾಡಿದ ಟಿಡಿಎಸ್ ತೆರಿಗೆ ಕಟ್ಟಲು ಅದೇ ಕೊನೆ ದಿನ, ಅದರಲ್ಲಿ ಅರ್ಧ ದಿನ ಹೋಯಿತು. ಏಳನೇ ಕೆಲಸದ ದಿನ ಬಿಲ್‌ಗಳು ಒಟ್ಟಿಗೆ ಬಂದವು. ಎಂಟನೇ ದಿನ ಎಂಟ್ರಿ. ಒಂಬತ್ತಕ್ಕೆ ಟ್ರಯಲ್ ಬ್ಯಾಲೆನ್ಸ್, ವರದಿ.

ಗೆರೆ ನೋಡಿದ ಮೇಲೆ ನಾನೇನೂ ಹೇಳಬೇಕಾಗಲಿಲ್ಲ. "ಮೂರು ದಿನ ಕಾಯ್ತಾನೇ ಇದ್ದೀನಲ್ವಾ" ಅಂತ ಅವರೇ ಅಂದರು. ಒಂಬತ್ತು ದಿನವೂ ಓಡಾಟವೇ ಅಂತ ಅಲ್ಲಿಯವರೆಗೆ ಅವರಿಗೆ ಅನ್ನಿಸಿತ್ತು.

### "ಯಾಕೆ" ಬಿಡಿ

"ಯಾಕೆ ಆಗ್ಲಿಲ್ಲ?" ಅಂತ ಕೇಳಿದರೆ ನಮ್ಮ ಕಚೇರಿಗಳಲ್ಲಿ ಅದು ಪ್ರಶ್ನೆಯಲ್ಲ, ಬೈಗುಳ. ಉತ್ತರವಾಗಿ ಸಮಜಾಯಿಷಿ ಬರುತ್ತದೆ. ಅದರ ಬದಲು "ಏನಾಯ್ತು", "ಯಾವಾಗ", "ಎಷ್ಟು", "ಯಾರಿಗೆ ಗೊತ್ತಿತ್ತು" ಅಂತ ಕೇಳಿ. ನಾನು ಕೇಳಿದ ನಾಲ್ಕು ಪ್ರಶ್ನೆ ಇವು:

"ಎಷ್ಟು ಟ್ರಾನ್ಸ್‌ಪೋರ್ಟರ್ ಇದ್ದಾರೆ?" ಆರು ಜನ.

"ಅದರಲ್ಲಿ ಎಷ್ಟು ಜನರ ಬಿಲ್ ತಡ?" ಯೋಚಿಸಿ ಹೇಳಿದರು: ಇಬ್ಬರದು. ಅಲ್ಲಿಯವರೆಗೆ "ಟ್ರಾನ್ಸ್‌ಪೋರ್ಟ್‌ನವರು" ಅಂತ ಎಲ್ಲರನ್ನೂ ಸೇರಿಸಿಯೇ ಹೇಳುತ್ತಿದ್ದರು.

"ಐದನೇ ದಿನದ ಗಡುವು ಡಿಸ್ಪ್ಯಾಚ್‌ನಲ್ಲಿ ಯಾರಿಗೆ ಗೊತ್ತು?" ಯಾರಿಗೂ ಗೊತ್ತಿಲ್ಲ. ಮೇಲ್‌ನಲ್ಲಿ "ಬೇಗ ಕಳಿಸಿ" ಅಂತಷ್ಟೇ ಇತ್ತು.

"ಇದುವರೆಗೆ ಏನೇನು ಮಾಡಿ ನೋಡಿದಿರಿ, ಪ್ರತಿಯೊಂದಕ್ಕೂ ಏನಾಯ್ತು?" ತಿಂಗಳ ಕೊನೆಗೆ ಮೇಲ್, ಮೂರನೇ ದಿನದಿಂದ ಫೋನ್. ಬೇರೇನೂ ಇಲ್ಲ. ಎರಡೇ ಉಪಾಯವನ್ನು ನಾಲ್ಕು ತಿಂಗಳು ಮತ್ತೆ ಮತ್ತೆ ಮಾಡಿದ್ದರು.

ನಾಲ್ಕನೇ ಪ್ರಶ್ನೆ ಬಿಡಲೇಬೇಡಿ. ನನ್ನ ಮೊದಲ ಸಲದ ಸೋಲು ಈ ಪ್ರಶ್ನೆ ಕೇಳದೆ ಇದ್ದದ್ದರಿಂದಲೇ ಆಯಿತು.

### "ಇನ್ನೇನು?" ಅಂತ ಕೇಳಿ, ಆಮೇಲೆ ಸುಮ್ಮನಿರಿ

ಇಷ್ಟಾದ ಮೇಲೆ ಎಲ್ಲ ಗೊತ್ತಾಯಿತು ಅಂತ ಅನ್ನಿಸುತ್ತದೆ. ಇನ್ನೂ ಗೊತ್ತಾಗಿರುವುದಿಲ್ಲ. "ಇದರಲ್ಲಿ ಇನ್ನೇನಾದರೂ ಇದೆಯಾ?" ಅಂತ ಕೇಳಿ ಬಾಯಿ ಮುಚ್ಚಿಕೊಳ್ಳಿ. ಉತ್ತರ "ಇಲ್ಲ" ಅಂತ ಬಂದರೂ ಅವಸರ ಮಾಡಬೇಡಿ. ಮನಸ್ಸಿನಲ್ಲಿ ನಿಧಾನವಾಗಿ ಹತ್ತರವರೆಗೆ ಎಣಿಸಿ. ಹತ್ತು ಸೆಕೆಂಡ್ ಮೌನ ಬಹಳ ಉದ್ದ ಅನ್ನಿಸುತ್ತದೆ. ಅದನ್ನು ನೀವೇ ತುಂಬಿದರೆ ಅವರು ಹೇಳಬೇಕೆಂದಿದ್ದು ಒಳಗೇ ಉಳಿಯುತ್ತದೆ.

ನಾನು ಮೂರು ಸಲ ಕೇಳಿದೆ. ಮೂರನೇ ಸಲ ಮೇಡಂ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಆಮೇಲೆ ಹೇಳಿದರು:

"ಬಿಲ್ ಬರದೇ ಇದ್ರೂ ಪ್ರಾವಿಷನ್ ಹಾಕಿ ಕ್ಲೋಸ್ ಮಾಡಬಹುದು ಸರ್. ಅಂದಾಜು ಖರ್ಚು ಹಾಕೋದು, ಬಿಲ್ ಬಂದ್ಮೇಲೆ ಸರಿ ಮಾಡೋದು. ಎಲ್ಲಾ ಕಡೆ ಮಾಡ್ತಾರೆ. ಎರಡು ವರ್ಷದ ಹಿಂದೆ ನಾನು ಹಾಗೇ ಹಾಕಿದ್ದೆ. ಆಡಿಟರ್ ಎಲ್ಲರ ಮುಂದೆ ಇದಕ್ಕೆ ಆಧಾರ ಏನು ಅಂತ ಕೇಳಿದ್ರು. ನನ್ನ ಹತ್ರ ಕಾಗದ ಇರಲಿಲ್ಲ. ಅವತ್ತಿಂದ ಬಿಲ್ ಕೈಗೆ ಬರೋವರೆಗೂ ನಾನು ಎಂಟ್ರಿ ಹಾಕಲ್ಲ."

ಗುರಿ ನಿಂತಿದ್ದು ಇಲ್ಲಿ. ಡಿಸ್ಪ್ಯಾಚ್‌ನ ತಡ ಸುಳ್ಳಲ್ಲ. ಆದರೆ ಆ ತಡವನ್ನು ದಾಟುವ ಬಾಗಿಲು ಅವರಿಗೆ ಗೊತ್ತಿತ್ತು. ಹೆದರಿಕೆಯಿಂದ ಅದನ್ನು ಅವರೇ ಹಾಕಿಕೊಂಡಿದ್ದರು. ಇದು ಮೇಲ್ ಹಾಕಿ ಬಗೆಹರಿಯುವ ತೊಂದರೆ ಅಲ್ಲ.

ಇಂಥ ಮಾತು ಬಂದಾಗ "ಅಯ್ಯೋ ಅಷ್ಟಕ್ಕೆಲ್ಲ ಯಾಕೆ ಹೆದರ್ತೀರಿ" ಅನ್ನಬೇಡಿ. ನಾನು "ಎಲ್ಲರ ಮುಂದೆ ಕೇಳಿದಾಗ ಕಷ್ಟ ಆಗಿರಬೇಕು" ಅಂತಷ್ಟೇ ಅಂದೆ. ಅವರು ತಲೆಯಾಡಿಸಿದರು. ನೀರು ಕುಡಿದು ಬಂದರು.

ಎಚ್ಚರಿಕೆ: ಈ ಹಂತ ಬೇಗ ಮುಗಿಯಿತು ಅಂದರೆ ಅನುಮಾನಪಡಿ. ಇನ್ನೊಂದು ಗುರುತು ಮಾತಿನ ಕರ್ತೃ. "ಆಗ್ತಾ ಇಲ್ಲ", "ಕೊಡಲ್ಲ", "ಬರಲ್ಲ" ಅಂತಲೇ ಇದ್ದರೆ ಇನ್ನೂ ಬೇರೆಯವರ ಕಥೆ ನಡೆಯುತ್ತಿದೆ. "ನಾನು ಹಾಕಲ್ಲ", "ನಾನು ಕೇಳಿಲ್ಲ" ಅಂತ ಒಮ್ಮೆ ಬಂದರೆ ಅವರ ಕೈಯಲ್ಲಿರುವ ಜಾಗಕ್ಕೆ ಬಂದಿದ್ದೀರಿ ಅಂತ ಅರ್ಥ. ಮೇಡಂ ಮಾತಿನಲ್ಲಿ ಅದು "ನಾನು ಎಂಟ್ರಿ ಹಾಕಲ್ಲ" ಅಂತ ಬಂತು.

## ಹಂತ 3: ಗುರಿಗೆ ವಾಪಸ್ ಬನ್ನಿ (5 ನಿಮಿಷ)

ಈ ಹಂತ ಗ್ರೋ ಅಕ್ಷರಗಳಲ್ಲಿ ಕಾಣುವುದಿಲ್ಲ. ಹಾಗಾಗಿ ಬಹಳ ಜನ ಬಿಟ್ಟುಬಿಡುತ್ತಾರೆ. ಕೇಳಬೇಕಾದ್ದು ಒಂದೇ: "ಈಗ ಇಷ್ಟೆಲ್ಲಾ ನೋಡಿದ ಮೇಲೆ, ಮೊದಲು ಬರೆದ ಗುರಿ ಹಾಗೇ ಇರಲಾ, ಬದಲಾಗಬೇಕಾ?"

ಐದನೇ ದಿನಕ್ಕೆ ಲೆಕ್ಕ ಮುಚ್ಚುವುದು ಅವರೊಬ್ಬರ ಕೈಯಲ್ಲಿಲ್ಲ. ಅದು ಕೊನೆಗೆ ಸಿಗುವ ಫಲ. ಫಲವನ್ನೇ ಗುರಿ ಅಂತ ಇಟ್ಟುಕೊಂಡರೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಮೇಡಂ ದೊಡ್ಡ ಗುರಿಯನ್ನು ಹಾಗೇ ಬಿಟ್ಟು, ಅದರ ಕೆಳಗೆ ಹೊಸದೊಂದು ಬರೆದರು: "ಈ ತಿಂಗಳು ನಾಲ್ಕನೇ ಕೆಲಸದ ದಿನ ಮಧ್ಯಾಹ್ನದೊಳಗೆ ಸಾಗಣೆ ಖರ್ಚಿನ ಎಂಟ್ರಿ ಹಾಕ್ತೀನಿ, ಆಧಾರದ ಕಾಗದ ಜೊತೆಗೆ ಇರುತ್ತೆ."

ಎರಡು ಗುರಿಗಳ ವ್ಯತ್ಯಾಸ ನೋಡಿ. ಹೊಸದರಲ್ಲಿ "ಹಾಕ್ತೀನಿ" ಇದೆ. ಆಡಿಟರ್ ಕೇಳಿದ ಪ್ರಶ್ನೆಗೆ ಉತ್ತರವೂ ಅದರೊಳಗೇ ಇದೆ.

ಗುರಿ ಬದಲಾಗಲಿಲ್ಲ ಅಂದರೂ ಪರವಾಗಿಲ್ಲ. ಆದರೆ ಕೇಳದೆ ಮುಂದೆ ಹೋಗಬೇಡಿ. ಹಳೆಯ ಗುರಿಗೆ ದಾರಿ ಹುಡುಕಿದರೆ ಹಳೆಯ ದಾರಿಗಳೇ ಸಿಗುತ್ತವೆ.

## ಹಂತ 4: ದಾರಿಗಳನ್ನು ಅವರಿಂದಲೇ ತೆಗೆಸಿ (10 ನಿಮಿಷ)

ಎರಡನೇ ಹಾಳೆ ತೆಗೆದುಕೊಳ್ಳಿ. ಕನಿಷ್ಠ ಐದು ದಾರಿ ಬೇಕು ಅಂತ ಹೇಳಿ. ಮೊದಲ ಎರಡು ಸುಲಭವಾಗಿ ಬರುತ್ತವೆ. ಅವು ಹಳೆಯವೇ ಆಗಿರುತ್ತವೆ. ಮೂರನೆಯದರ ಹತ್ತಿರ "ಅಷ್ಟೇ ಸರ್" ಅನ್ನುತ್ತಾರೆ. ಅಲ್ಲಿ ಬಿಡಬಾರದು. ಬರೆಯುವಾಗ ಯಾವುದನ್ನೂ ತೂಗಬೇಡಿ. "ಅದು ನಡೆಯಲ್ಲ ಬಿಡಿ" ಅಂತ ಒಮ್ಮೆ ಅಂದರೆ ಮುಂದಿನದು ಹೊರಗೆ ಬರುವುದಿಲ್ಲ.

ನಿಂತರೆ ಕೇಳಲು ಎರಡು ಪ್ರಶ್ನೆ ಇಟ್ಟುಕೊಳ್ಳಿ. "ಆಡಿಟರ್ ಕೇಳಲ್ಲ ಅಂತ ಗ್ಯಾರಂಟಿ ಇದ್ದಿದ್ದರೆ ಏನು ಮಾಡ್ತಿದ್ರಿ?" ಇದು ಅಡ್ಡ ಇರುವುದನ್ನು ಒಂದು ಕ್ಷಣ ಪಕ್ಕಕ್ಕೆ ಇಡುತ್ತದೆ. "ನಿಮ್ಮ ಜಾಗಕ್ಕೆ ಬೇರೆಯವರು ಬಂದರೆ ಮೊದಲನೇ ವಾರ ಏನು ಮಾಡ್ತಾರೆ?" ಇದು ಅವರನ್ನು ದೂರದಿಂದ ನೋಡುವ ಹಾಗೆ ಮಾಡುತ್ತದೆ.

ಮೇಡಂ ಪಟ್ಟಿ ಹೀಗೆ ಬೆಳೆಯಿತು. ಡಿಸ್ಪ್ಯಾಚ್‌ನವರಿಗೆ ಗಡುವು ಹೇಳುವುದು. ತಡ ಮಾಡುವ ಇಬ್ಬರಿಗೆ ತಿಂಗಳಿಗೆ ಎರಡು ಸಲ ಬಿಲ್ ಮಾಡಲು ಹೇಳುವುದು. ಪ್ರತಿ ಶನಿವಾರ ಡಿಸ್ಪ್ಯಾಚ್‌ನಿಂದ ಎಲ್‌ಆರ್ ಕಾಪಿ ತರಿಸಿಕೊಳ್ಳುವುದು. ಲಾರಿಯಲ್ಲಿ ಸರಕು ಕಳಿಸಿದಾಗ ಸಿಗುವ ರಸೀದಿ ಅದು. ಎಷ್ಟು ಟ್ರಿಪ್ ಹೋಗಿದೆ ಅಂತ ಬಿಲ್‌ಗೆ ಮೊದಲೇ ಗೊತ್ತಾಗುತ್ತದೆ. ಟ್ರಿಪ್ ಸಂಖ್ಯೆಯನ್ನು ಒಪ್ಪಿದ ದರದಿಂದ ಗುಣಿಸಿ ಒಂದು ಲೆಕ್ಕದ ಹಾಳೆ ಮಾಡಿ ಪ್ರಾವಿಷನ್ ಹಾಕುವುದು. ಆ ಹಾಳೆಗೆ ಮ್ಯಾನೇಜರ್ ಸಹಿ ತೆಗೆದುಕೊಳ್ಳುವುದು. ಆರನೆಯದನ್ನು ಮೆಲ್ಲಗೆ ಹೇಳಿದರು: ಆಡಿಟರ್‌ಗೇ ಫೋನ್ ಮಾಡಿ "ಯಾವ ಕಾಗದ ಇದ್ದರೆ ಒಪ್ಪುತ್ತೀರಿ" ಅಂತ ಕೇಳುವುದು.

ಎಲ್‌ಆರ್ ಕಾಪಿಯ ದಾರಿ ನನಗೆ ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ಹನ್ನೊಂದು ವರ್ಷ ಆ ಕೆಲಸ ಮಾಡಿದವರಿಗೆ ಗೊತ್ತಿರುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ.

### ಸಲಹೆ ವೇಷ ಹಾಕಿಕೊಂಡು ಬರುವುದನ್ನು ಗುರುತಿಸಿ

"ಮ್ಯಾನೇಜರ್ ಹತ್ರ ಮಾತಾಡಬಹುದಲ್ವಾ?", "ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ರೆ ಆಗಲ್ವಾ?" ಇವು ಕೇಳಲು ಪ್ರಶ್ನೆ, ಒಳಗೆ ಸಲಹೆ. ನಿಮ್ಮ ಪ್ರಶ್ನೆ "ಅಲ್ವಾ", "ಆಗಲ್ವಾ" ಅಂತ ಮುಗಿಯುತ್ತಿದ್ದರೆ ಅರ್ಧಕ್ಕೇ ನಿಲ್ಲಿಸಿ. ಹಿರಿಯರು ಹಾಗೆ ಕೇಳಿದರೆ ಕಿರಿಯರು ಮರ್ಯಾದೆಗೆ "ಹೌದು" ಅನ್ನುತ್ತಾರೆ. ಮಾಡುವುದಿಲ್ಲ.

ನಿಮಗೆ ನಿಜವಾಗಿ ಉಪಯೋಗದ ಮಾತು ಗೊತ್ತಿದ್ದರೆ ಬಚ್ಚಿಡುವುದೂ ಸರಿಯಲ್ಲ. ಅವರ ಪಟ್ಟಿ ಪೂರ್ತಿ ಮುಗಿಯಲಿ. ಆಮೇಲೆ "ನನಗೊಂದು ತೋಚುತ್ತಿದೆ, ಹೇಳಲಾ?" ಅಂತ ಕೇಳಿ, ಒಂದೇ ಒಂದು ಹೇಳಿ, ಪಟ್ಟಿಯ ಕೊನೆಗೆ ಸೇರಿಸಿ. ನಾನು ಹೇಳಿದ್ದು ಇಷ್ಟು: ಕ್ವಾಲಿಟಿಯಲ್ಲಿ ಹೊಸ ಗೇಜ್ ಬಂದರೆ ಮೊದಲು ಅಳತೆ ಗೊತ್ತಿರುವ ಹಳೆಯ ಭಾಗದ ಮೇಲೆ ಅದನ್ನು ಪರೀಕ್ಷಿಸುತ್ತೇವೆ. ಮೇಡಂ ಅದನ್ನು ಕೇಳಿ, "ಹೋದ ತಿಂಗಳ ಎಲ್‌ಆರ್‌ನಲ್ಲಿ ಅಂದಾಜು ಮಾಡಿ, ನಿಜವಾದ ಬಿಲ್ ಜೊತೆ ಹೋಲಿಸಿ ನೋಡಬಹುದು" ಅಂತ ತಾವೇ ಏಳನೇ ದಾರಿ ಬರೆದರು.

ಕೊನೆಗೆ ಒಂದೋ ಎರಡೋ ದಾರಿಗೆ ಸುತ್ತು ಹಾಕಿಸಿ. ಮೂರು ಜಾಸ್ತಿಯಾಯಿತು.

## ಹಂತ 5: ಮಾತನ್ನು ದಿನ, ಗಂಟೆಗೆ ಕಟ್ಟಿ (10 ನಿಮಿಷ)

ಆಯ್ಕೆ ಮಾಡಿದ್ದಕ್ಕೂ ಮಾಡುತ್ತೇನೆ ಅನ್ನುವುದಕ್ಕೂ ನಡುವೆ ಬಹಳ ದೂರ ಇದೆ. ಇಲ್ಲಿ ಕಿವಿ ಚುರುಕಾಗಿರಬೇಕು. "ನೋಡ್ತೀನಿ", "ಪ್ರಯತ್ನ ಪಡ್ತೀನಿ", "ಮಾಡೋಣ" ಅಂದರೆ ನಮ್ಮಲ್ಲಿ ಹೆಚ್ಚಾಗಿ "ಇಲ್ಲ" ಅಂತಲೇ ಅರ್ಥ. ಮುಖ ಮುರಿಯಬಾರದು ಅಂತ ಹಾಗೆ ಹೇಳುತ್ತೇವೆ. ಅದನ್ನು ಹೌದು ಅಂತ ತೆಗೆದುಕೊಳ್ಳಬೇಡಿ, ಹಾಗಂತ ತಪ್ಪು ಹಿಡಿಯಲೂ ಬೇಡಿ. "ಯಾವತ್ತು, ಎಷ್ಟು ಗಂಟೆಗೆ?" ಅಂತ ಕೇಳಿದರೆ ಸಾಕು, ನಿಜ ತಾನಾಗಿ ಹೊರಗೆ ಬರುತ್ತದೆ.

ಮೇಡಂ ಮೊದಲು "ಸೋಮವಾರ ಆಡಿಟರ್‌ಗೆ ಫೋನ್ ಮಾಡ್ತೀನಿ" ಅಂದರು. ನಾನು ಅಂಕದ ಪ್ರಶ್ನೆ ಕೇಳಿದೆ: "ಒಂದರಿಂದ ಹತ್ತರಲ್ಲಿ, ಇದನ್ನು ಖಂಡಿತ ಮಾಡ್ತೀನಿ ಅನ್ನೋದಕ್ಕೆ ಎಷ್ಟು ಕೊಡ್ತೀರಿ?"

"ಆರು."

ಎಂಟಕ್ಕಿಂತ ಕಡಿಮೆ ಬಂದರೆ ಹುರಿದುಂಬಿಸಬೇಡಿ. ಹೆಜ್ಜೆಯನ್ನು ಚಿಕ್ಕದು ಮಾಡಿ. "ಎಂಟು ಆಗ್ಬೇಕಾದ್ರೆ ಈ ಕೆಲಸದಲ್ಲಿ ಏನು ಬದಲಾಗಬೇಕು?" ಅಂತ ಕೇಳಿದೆ. ಅವರು ಯೋಚಿಸಿ, "ಮೊದಲು ಹೋದ ತಿಂಗಳ ಹೋಲಿಕೆ ನನ್ನ ಕೈಯಲ್ಲಿರಬೇಕು. ಅದನ್ನು ಮ್ಯಾನೇಜರ್‌ಗೆ ತೋರಿಸ್ತೀನಿ. ಅವರೇ ಆಡಿಟರ್ ಹತ್ರ ಕೇಳಲಿ" ಅಂದರು. ಇದಕ್ಕೆ ಒಂಬತ್ತು ಕೊಟ್ಟರು.

ಹಾಳೆಯ ಕೊನೆಯಲ್ಲಿ ಅವರೇ ಬರೆದದ್ದು ಇಷ್ಟು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಡಿಸ್ಪ್ಯಾಚ್‌ಗೆ ಹೋಗಿ ಹೋದ ತಿಂಗಳ ಎಲ್‌ಆರ್ ಫೈಲ್ ತರುವುದು. ಶನಿವಾರ ಊಟಕ್ಕೆ ಮೊದಲು ಹೋಲಿಕೆ ಮುಗಿಸುವುದು. ಸೋಮವಾರ ಮ್ಯಾನೇಜರ್ ಮುಂದೆ ಇಡುವುದು.

ಏಳುವ ಮುನ್ನ ಇನ್ನೊಂದು ಕೇಳಿ: "ಇದಕ್ಕೆ ಏನು ಅಡ್ಡ ಬರಬಹುದು, ಬಂದರೆ ಏನು ಮಾಡ್ತೀರಿ?" ಡಿಸ್ಪ್ಯಾಚ್ ಇನ್‌ಚಾರ್ಜ್ ಶುಕ್ರವಾರ ರಜೆ ಇರಬಹುದು ಅಂದರು. ಹಾಗಾಗಿ ಗುರುವಾರ ಸಂಜೆಯೇ ಅವರಿಗೊಂದು ಫೋನ್ ಅಂತ ಪಟ್ಟಿಗೆ ಸೇರಿತು. ಹಾಳೆಯನ್ನು ಅವರೇ ಮಡಿಸಿ ಡೈರಿಯಲ್ಲಿ ಇಟ್ಟುಕೊಂಡರು. ನಾನು ನಕಲು ತೆಗೆದುಕೊಳ್ಳಲಿಲ್ಲ.

ಎಚ್ಚರಿಕೆ: ಕೊನೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಎರಡು ಸಲ ಬಂದಿದ್ದರೆ ಕೆಲಸ ನಿಮ್ಮ ತಲೆಗೆ ಬಂದಿದೆ ಅಂತ ಅರ್ಥ. "ನಾನು ಡಿಸ್ಪ್ಯಾಚ್‌ನವರ ಹತ್ರ ಮಾತಾಡ್ತೀನಿ ಬಿಡಿ" ಅಂತ ಒಳ್ಳೆ ಮನಸ್ಸಿನಿಂದಲೇ ಬಾಯಿಗೆ ಬರುತ್ತದೆ. ತಡೆದುಕೊಳ್ಳಿ.

## ಹಂತ 6: ಮತ್ತೆ ಕೂರಿ (15 ನಿಮಿಷ, ಒಂದು ವಾರದೊಳಗೆ)

ಮುಂದಿನ ಭೇಟಿಯ ದಿನವನ್ನು ಅವತ್ತೇ ನಿಗದಿ ಮಾಡಿ. ನಡುವೆ ಕಾರಿಡಾರ್‌ನಲ್ಲಿ ಸಿಕ್ಕಾಗ "ಏನಾಯ್ತು ಅದು?" ಅಂತ ಕೇಳಬೇಡಿ. ಅದು ಬೆನ್ನು ಹತ್ತಿದ ಹಾಗೆ ಆಗುತ್ತದೆ.

ಕೂತಾಗ "ಮಾಡಿದ್ರಾ?" ಅಂತ ಶುರು ಮಾಡಬೇಡಿ. "ಏನು ನಡೀತು?" ಅಂತ ಶುರು ಮಾಡಿ. ಮಾಡಿಲ್ಲದಿದ್ದರೆ ನೇರವಾಗಿ ಎರಡನೇ ಹಂತಕ್ಕೆ ಹೋಗಿ: ಶುಕ್ರವಾರ ಹನ್ನೊಂದಕ್ಕೆ ಎಲ್ಲಿದ್ದಿರಿ, ಆಗ ಏನಾಯ್ತು. ಅಲ್ಲಿ ಸಿಗುವುದು ಹೊಸ ವಿಷಯ. ಅದೇ ಹೆಜ್ಜೆ ಎರಡು ಸಲ ತಪ್ಪಿದರೆ ಹೆಜ್ಜೆ ದೊಡ್ಡದಾಗಿದೆ, ಇಲ್ಲವೇ ಗುರಿ ಅವರಿಗೆ ಬೇಡವಾಗಿದೆ. ಯಾವುದು ಅಂತ ಅವರನ್ನೇ ಕೇಳಿ. ಮೂರನೇ ಸಲ ಅದೇ ಪಟ್ಟಿ ಬರೆಸಬೇಡಿ.

ಮೇಡಂ ಬುಧವಾರ ಒಂದು ಲೆಕ್ಕದ ಹಾಳೆ ಹಿಡಿದು ಬಂದರು. ಎಲ್‌ಆರ್ ಆಧಾರದ ಅಂದಾಜು 4,12,000 ರೂಪಾಯಿ. ನಿಜವಾದ ಬಿಲ್‌ಗಳ ಮೊತ್ತ 4,19,500. ವ್ಯತ್ಯಾಸ 7,500, ಶೇಕಡಾ ಎರಡಕ್ಕಿಂತ ಕಡಿಮೆ. ಲಾರಿ ಕಾಯಿಸಿದ್ದಕ್ಕೆ ಹಾಕುವ ಹಾಲ್ಟಿಂಗ್ ಚಾರ್ಜ್ ಅಂದಾಜಿನಲ್ಲಿ ಸೇರಿರಲಿಲ್ಲ, ವ್ಯತ್ಯಾಸ ಬಹುಪಾಲು ಅದರದ್ದೇ. ಮ್ಯಾನೇಜರ್ ಅದೇ ಹಾಳೆಯ ಮೇಲೆ ಸಹಿ ಹಾಕಿ ಆಡಿಟರ್‌ಗೆ ಕಳಿಸಿದ್ದರು. ಲೆಕ್ಕದ ಹಾಳೆ ಮತ್ತು ಎಲ್‌ಆರ್ ಪಟ್ಟಿ ಫೈಲ್‌ನಲ್ಲಿದ್ದರೆ ಸಾಕು ಅಂತ ಉತ್ತರ ಬಂದಿತ್ತು.

ಆ ತಿಂಗಳು ಲೆಕ್ಕ ಏಳನೇ ಕೆಲಸದ ದಿನ ಮುಚ್ಚಿತು, ಮುಂದಿನ ತಿಂಗಳು ಆರನೇ ದಿನ. ಐದಕ್ಕೆ ಬರಲು ಇನ್ನೊಂದು ದಿನ ಬೇಕಿತ್ತು. ಅದು ಎಲ್ಲಿ ಹೋಗುತ್ತಿದೆ ಅಂತ ನೋಡಲು ಮೇಡಂ ಹೊಸ ಹಾಳೆ ತೆಗೆದು, ನಾನು ಕೇಳುವ ಮೊದಲೇ, ಉದ್ದಕ್ಕೆ ಒಂದು ಗೆರೆ ಎಳೆದು ಒಂದರಿಂದ ಆರರವರೆಗೆ ಗುರುತು ಹಾಕಿದರು.